ಪರಿಚಯದ ವಿಡಿಯೊ ಸುತ್ತೋಲೆಯ ಹಾಗೆ ಕೇಳುತ್ತಿತ್ತು

ಬಿ.ಕಾಂ. ವಿದ್ಯಾರ್ಥಿಗಳಿಗೆ ಎಕ್ಸೆಲ್ ಕೋರ್ಸ್ ಮಾಡಿದ್ದೆ. ಪರಿಚಯದ ವಿಡಿಯೊ ನಾಲ್ಕು ನಿಮಿಷ. ಅದರಲ್ಲಿ ಹೀಗೊಂದು ಸಾಲು: "ಕೋರ್ಸಿನ ಅಂತ್ಯದಲ್ಲಿ ವಿದ್ಯಾರ್ಥಿಗಳು ಫಾರ್ಮುಲಾಗಳ ಪರಿಕಲ್ಪನೆಯನ್ನು ಅರ್ಥ ಮಾಡಿಕೊಳ್ಳುವರು." ಇಂಥವು ಒಟ್ಟು ಏಳು! ತಂಗಿ ಕೇಳಿ, "ಅಕ್ಕಾ, ಇದನ್ನ ಯಾರಿಗೆ ಹೇಳ್ತಿದ್ದೀಯ?" ಅಂದಳು.

ತಪ್ಪು ಆ ಕ್ರಿಯಾಪದದಲ್ಲೇ ಇತ್ತು. ಅರ್ಥವಾಯಿತೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ, ಅಲ್ವಾ? ಹಾಗಾಗಿ ಪ್ರತಿ ಸಾಲಿಗೂ ಒಂದು ಪರೀಕ್ಷೆ ಇಟ್ಟೆ: ಇದರಿಂದ ಒಂದು ಅಸೈನ್‌ಮೆಂಟ್ ಪ್ರಶ್ನೆ ಮಾಡಬಹುದಾ? ಆಗದಿದ್ದರೆ ತಿದ್ದಬೇಕು. ಮೇಲಿನ ಸಾಲು ಹೀಗಾಯಿತು: "ಅಂಗಡಿಯೊಂದರ ಬಾಕಿ ಪಟ್ಟಿ ಕೊಟ್ಟರೆ, ಯಾವ ಗಿರಾಕಿ ಒಟ್ಟು ಎಷ್ಟು ಕೊಡಬೇಕು ಅಂತ SUMIF ಹಾಕಿ ನೀವೇ ಲೆಕ್ಕ ತೆಗೆಯುತ್ತೀರಿ." "ವಿದ್ಯಾರ್ಥಿಗಳು" ಹೋಗಿ "ನೀವು" ಬಂದಿದ್ದಕ್ಕೇ ಅರ್ಧ ಬಿಗುವು ಇಳಿಯಿತು. ಮೂರು ಸಾಲು ಉಳಿಸಿಕೊಂಡು, ಉಳಿದವನ್ನು ಪಠ್ಯಕ್ರಮದ ಪುಟಕ್ಕೆ ಸೇರಿಸಿದೆ.

ಆಮೇಲೆ ಸಲಿಗೆ ಜಾಸ್ತಿಯಾಯಿತು. "ಹಾಯ್ ಫ್ರೆಂಡ್ಸ್, ಇದು ತುಂಬಾ ಸುಲಭ!" ಅಂತ ಬರೆದಿದ್ದೆ. ಕಷ್ಟಪಡುವವರಿಗೆ ಈ ಮಾತು ಚುಚ್ಚುತ್ತದೆ. ಸುಲಭದ್ದೂ ನನಗೆ ಬರಲಿಲ್ಲ ಅನಿಸುತ್ತದೆ. ಅದನ್ನು ತೆಗೆದು, "ಫಾರ್ಮುಲಾದ ಸ್ಪೆಲಿಂಗ್ ತಪ್ಪಿದರೆ #NAME? ಅಂತ ಬರುತ್ತೆ. ನನಗೂ ಬರುತ್ತೆ. ಎರಡನೇ ಪಾಠದಲ್ಲಿ ಅದನ್ನ ಒಟ್ಟಿಗೆ ಸರಿ ಮಾಡೋಣ" ಅಂತ ಹಾಕಿದೆ.

ಕೊನೆಗೆ ಸ್ಕ್ರಿಪ್ಟನ್ನು ಗಟ್ಟಿಯಾಗಿ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಉಸಿರು ಸಿಕ್ಕಿಕೊಂಡ ಕಡೆಯೆಲ್ಲ ವಾಕ್ಯ ಮುರಿದೆ. ಈಗ ವಿಡಿಯೊ ಒಂದೂವರೆ ನಿಮಿಷ. ತಂಗಿ ಪೂರ್ತಿ ನೋಡಿದಳು.