ಪಾತ್ರೆ ಸೋಪಿನ ಖರೀದಿಯಲ್ಲಿ ಬಿಟ್ಟುಹೋಗುವ ಹಂತಗಳು

ಬೆಂಗಳೂರಿನ ಗೃಹೋಪಯೋಗಿ ವಸ್ತುಗಳ ಅಂಗಡಿಯೊಂದರಲ್ಲಿ ಮಾರಾಟ ನೋಡಿಕೊಳ್ಳುತ್ತಿದ್ದಾಗ, ಖರೀದಿ ತೀರ್ಮಾನದ ಐದು ಹಂತಗಳೂ ನನಗೆ ಕಣ್ಣೆದುರೇ ಕಾಣುತ್ತಿದ್ದವು. ಫ್ರಿಜ್ಜಿಗಾಗಿ ಬಂದವರ ಮನೆಯಲ್ಲಿ ಹಳೆಯದು ಕೆಟ್ಟು ಅಗತ್ಯದ ಅರಿವಾಗಿರುತ್ತಿತ್ತು. ನಾಲ್ಕು ಕಡೆ ಮಾಹಿತಿ ಕೇಳಿ ಬಂದಿರುತ್ತಿದ್ದರು. ಲೀಟರು, ವಾರಂಟಿ, ಕರೆಂಟಿನ ಖರ್ಚನ್ನು ಹೋಲಿಸಿ ನೋಡಿ ಕೊಳ್ಳುತ್ತಿದ್ದರು. ಕೊಂಡ ಮೇಲೂ ಬೇರೆಡೆ ಅಗ್ಗವಾಗಿ ಸಿಗುತ್ತಿತ್ತೇನೋ ಎಂದು ಕೊರಗುತ್ತಿದ್ದರು.

ಮುಂದೆ ಪಾತ್ರೆ ತೊಳೆಯುವ ಸೋಪಿನ ಸಣ್ಣ ತಯಾರಕರೊಬ್ಬರ ವಿತರಣೆಯನ್ನು ವಹಿಸಿಕೊಂಡಾಗ, ಶ್ರೀರಾಂಪುರದ ದಿನಸಿ ಅಂಗಡಿಗಳಲ್ಲಿ ಕಂಡದ್ದೇ ಬೇರೆ. "ಅಣ್ಣಾ, ಒಂದು ಪಾತ್ರೆ ಸೋಪು ಕೊಡಿ" ಎಂದು ಕೇಳುವವರಲ್ಲಿ ಹಲವರು ಹೆಸರನ್ನೇ ಹೇಳುತ್ತಿರಲಿಲ್ಲ, ಅಂಗಡಿಯವರ ಕೈಗೆ ಮೊದಲು ಸಿಕ್ಕಿದ್ದು ಚೀಲ ಸೇರುತ್ತಿತ್ತು. ಹತ್ತು ರೂಪಾಯಿಯ ಸೋಪು ಚೆನ್ನಾಗಿಲ್ಲದಿದ್ದರೆ ಹೋಗುವುದು ಹತ್ತೇ ರೂಪಾಯಿ. ಆದ್ದರಿಂದ ಹುಡುಕಾಟ ಮತ್ತು ಹೋಲಿಕೆಯ ಎರಡು ಹಂತಗಳಿಗೆ ಯಾರೂ ಸಮಯ ಕೊಡುವುದಿಲ್ಲ. ಹೋಲಿಕೆ ಯಾರಾದರೂ ಮಾಡಿದ್ದರೆ ಅದು ಅಂಗಡಿಯವರು: ಲಾಭ ಎಷ್ಟು, ದೂರು ಬರುತ್ತದೆಯೇ ಎಂಬಷ್ಟು.

ಹಾಗಾಗಿ ಸೋಪಿನ ಗುಣಗಳನ್ನು ವಿವರಿಸುವ ಕರಪತ್ರಗಳನ್ನು ನಾನು ಮುದ್ರಿಸಲೇ ಇಲ್ಲ. ಆ ಹಣವನ್ನು ಗಲ್ಲಾಪೆಟ್ಟಿಗೆಯ ಹಿಂದಿನ, ಕೈಗೆಟುಕುವ ಸಾಲಿನಲ್ಲಿ ಜಾಗ ಪಡೆಯಲು ಅಂಗಡಿಯವರಿಗೆ ಕೊಡುವ ರಿಯಾಯಿತಿಯಾಗಿ ಬಳಸಿದೆ. ದೂರದಿಂದಲೇ ಗುರುತು ಹತ್ತಲೆಂದು ಹೊದಿಕೆಯ ಬಣ್ಣವನ್ನು ಬದಲಿಸದಂತೆ ತಯಾರಕರಿಗೂ ಹೇಳಿದೆ. ಟಿವಿ ಜಾಹೀರಾತು ಮನವೊಲಿಸದೆಯೂ, ಬರೀ ಪುನರಾವರ್ತನೆಯಿಂದ ಪರಿಚಯ ಬೆಳೆಸುತ್ತದೆಂದು ಜಾಹೀರಾತು ಸಂಶೋಧಕ ಹರ್ಬರ್ಟ್ ಕ್ರುಗ್‌ಮನ್ 1965ರಲ್ಲಿ ವಾದಿಸಿದ್ದರು. ಟಿವಿಗೆ ಹಣವಿಲ್ಲದ ನಮಗೆ ಆ ಕೆಲಸವನ್ನು ಹೊದಿಕೆಯೇ ಮಾಡಬೇಕಿತ್ತು.

ಮೊದಲ ಬಾಕ್ಸ್ ಬೇಗ ಖಾಲಿಯಾಯಿತು, ಆದರೆ ಅದರಿಂದ ತಿಳಿಯುವುದು ಅಂಗಡಿಯವರ ಕೈ ಎತ್ತ ಹೋಗುತ್ತದೆಂಬುದಷ್ಟೇ. ಬಳಸಿದವರ ಅಭಿಪ್ರಾಯ ತಿಳಿಯುವುದು ಅದೇ ಅಂಗಡಿಯ ಎರಡನೆಯ, ಮೂರನೆಯ ಆರ್ಡರಿನಿಂದ. ಒಂದು ಅಂಗಡಿಯಲ್ಲಿ ಎರಡನೆಯ ಬಾಕ್ಸ್ ಕರಗದೆ ನಿಂತಾಗ ನಾನು ಅಲ್ಲೇ ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ. "ಅದು ಬೇಡಣ್ಣ, ನೀರಲ್ಲಿ ಕೂತು ಲೊಳೆಲೊಳೆ ಆಗುತ್ತೆ, ಹಳೇದೇ ಕೊಡಿ" ಎಂದರು ಒಬ್ಬರು. ಅಂದರೆ ಮೌಲ್ಯಮಾಪನ ಇಲ್ಲವಾಗಿರಲಿಲ್ಲ, ಖರೀದಿಗೆ ಮುಂಚೆ ನಡೆಯಬೇಕಾದದ್ದು ಸಿಂಕಿನ ಬದಿಗೆ, ಬಳಕೆಯ ನಂತರಕ್ಕೆ ಸರಿದಿತ್ತು. ತಯಾರಕರು ಸೋಪಿನ ಜೊತೆಗೆ ತಳದಲ್ಲಿ ರಂಧ್ರಗಳಿರುವ ಪ್ಲಾಸ್ಟಿಕ್ ತಟ್ಟೆಯನ್ನು ಕೊಡತೊಡಗಿದ ಮೇಲೆ ಆ ಅಂಗಡಿಯ ಆರ್ಡರ್ ಮತ್ತೆ ಬರತೊಡಗಿತು.

ಮರುಖರೀದಿಯನ್ನು ನಿಷ್ಠೆಯೆಂದು ಲೆಕ್ಕ ಹಾಕಬಾರದು. ನಮ್ಮ ಸರಕು ಮುಗಿದ ದಿನ ಗ್ರಾಹಕರು ಚಕಾರವೆತ್ತದೆ ಪಕ್ಕದ್ದನ್ನು ಒಯ್ಯುತ್ತಿದ್ದರು. ನಿಷ್ಠೆಯಿದ್ದವರಾದರೆ ಮುಂದಿನ ಅಂಗಡಿಗೆ ಹೋಗುತ್ತಿದ್ದರು. ಆದ್ದರಿಂದ ಸ್ಟಾಕ್ ತುಂಬುವ ಸರದಿಯನ್ನು ನಾನು ಯಾವ ಪ್ರಚಾರಕ್ಕೂ ಮೊದಲು ಇಟ್ಟೆ. ಇಷ್ಟಾದರೂ ಕೊಳ್ಳುವ ಮುನ್ನ ಎಷ್ಟು ತಲೆ ಕೆಡಿಸಿಕೊಳ್ಳುತ್ತೇವೆಂಬ ತೊಡಗಿಕೊಳ್ಳುವಿಕೆ ಪೂರ್ತಿಯಾಗಿ ವಸ್ತುವಿಗೆ ಅಂಟಿದ ಗುಣವಲ್ಲ: ಸೋಪಿನಿಂದ ಅಂಗೈ ಒಡೆದು ಉರಿಯುತ್ತಿದ್ದ ಒಬ್ಬರು ಅದೇ ಕೌಂಟರಿನಲ್ಲಿ ಹೊದಿಕೆಯನ್ನು ತಿರುಗಿಸಿ ಓದಿ, ಮೂರು ಸೋಪುಗಳನ್ನು ಪಕ್ಕಪಕ್ಕ ಇಡಿಸಿ, ಒಂದನ್ನೂ ಕೊಳ್ಳದೆ ಡಾಕ್ಟರನ್ನು ಕೇಳಿ ಬರುತ್ತೇನೆಂದು ಹೊರಟರು.