ಸ್ಲ್ಯಾಕ್ ಚಾನೆಲ್ ಅಳಿಸುವ ಮೊದಲು ಅದರ ಫೈಲ್‌ಗಳನ್ನು ಅಳಿಸಿ

ನಲವತ್ತು ಜನರ ಒಂದು ಕಚೇರಿ ಎಂದಿಟ್ಟುಕೊಳ್ಳಿ. 2023ರಲ್ಲಿ ಹೊಸಬರನ್ನು ತೆಗೆದುಕೊಳ್ಳುವಾಗ ಸ್ಲ್ಯಾಕ್‌ನಲ್ಲಿ `#hiring-2023` ಎಂಬ ಚಾನೆಲ್ ತೆರೆದಿದ್ದರು. ಅಭ್ಯರ್ಥಿಗಳ ಆಧಾರ್ ಮತ್ತು ಪ್ಯಾನ್ ಪ್ರತಿ, ಹಿಂದಿನ ಕಂಪನಿಯ ಸಂಬಳದ ಚೀಟಿ, ಸಂದರ್ಶನ ಮಾಡಿದವರ ಟಿಪ್ಪಣಿ ಎಲ್ಲವೂ ಅಲ್ಲೇ ಬಿದ್ದಿವೆ. ಕೆಲಸ ಸಿಗದವರ ದಾಖಲೆಗಳೂ ಇವೆ. ಈಗ ಯಾರೋ ಗಮನಿಸಿ, ‘ಆ ಚಾನೆಲ್ ಡಿಲೀಟ್ ಮಾಡಿಬಿಡಿ’ ಎನ್ನುತ್ತಾರೆ. ಅಡ್ಮಿನ್ ಎರಡು ಕ್ಲಿಕ್ ಮಾಡುತ್ತಾರೆ, ಚಾನೆಲ್ ಮಾಯವಾಗುತ್ತದೆ. ಆದರೆ ಆಧಾರ್ ಪ್ರತಿಗಳು ಹೋಗಿರುವುದಿಲ್ಲ.

ಸ್ಲ್ಯಾಕ್‌ನಲ್ಲಿ ಚಾನೆಲ್ ಅಳಿಸಿದರೆ ಅದರೊಳಗಿನ ಸಂದೇಶಗಳು ಹೋಗುತ್ತವೆ, ಅಲ್ಲಿ ಹಂಚಿದ ಫೈಲ್‌ಗಳು ಹೋಗುವುದಿಲ್ಲ. ಸಂದೇಶ ಬೇರೆ, ಫೈಲ್ ಬೇರೆ ಎಂದೇ ಅದು ಲೆಕ್ಕ ಇಡುತ್ತದೆ. ಹಾಗಾಗಿ ಕೆಲಸದ ಕ್ರಮ ಮುಖ್ಯ. ಚಾನೆಲ್ ಮೊದಲು ಹೋದರೆ ಯಾವ ಫೈಲ್ ಎಲ್ಲಿತ್ತು ಎಂದು ಒಟ್ಟಾಗಿ ನೋಡುವ ಜಾಗವೇ ಇರುವುದಿಲ್ಲ. ಆಮೇಲೆ ಒಬ್ಬೊಬ್ಬರ ಫೈಲ್ ಪಟ್ಟಿ ಹುಡುಕುತ್ತಾ ಕೂರಬೇಕಾಗುತ್ತದೆ.

ಮೊದಲ ಹೆಜ್ಜೆ ಅಳಿಸುವುದಲ್ಲ, ಅಳಿಸಬಹುದೇ ಎಂದು ಕೇಳುವುದು. ಆ ನೇಮಕಾತಿಯ ಬಗ್ಗೆ ದೂರು, ವ್ಯಾಜ್ಯ, ತನಿಖೆ ಏನಾದರೂ ನಡೆಯುತ್ತಿದೆಯೇ, ನಡೆಯುವ ಸೂಚನೆ ಇದೆಯೇ ಎಂದು ಕಾನೂನು ವಿಭಾಗದಿಂದ ಅಥವಾ ಕಂಪನಿಯ ವಕೀಲರಿಂದ ಬರಹದಲ್ಲೇ ಉತ್ತರ ಪಡೆಯಿರಿ. ಸಾಕ್ಷ್ಯವಾಗಿ ಹಾಜರಾಗದಿರಲಿ ಎಂಬ ಉದ್ದೇಶದಿಂದ ದಾಖಲೆ ನಾಶಮಾಡುವುದು ಭಾರತೀಯ ನ್ಯಾಯ ಸಂಹಿತೆಯ 241ನೇ ಕಲಮಿನಡಿ ಅಪರಾಧ. ಎಲೆಕ್ಟ್ರಾನಿಕ್ ದಾಖಲೆಗೂ ಅದು ಅನ್ವಯಿಸುತ್ತದೆ. ತಾನಾಗಿಯೇ ಅಳಿಸಿಹೋಗುವ ಚಾಟ್ ಕೂಡ ಈ ಹೊಣೆಯಿಂದ ತಪ್ಪಿಸುವುದಿಲ್ಲ. ಅಮೆರಿಕದಲ್ಲಿ ಎಪಿಕ್ ಗೇಮ್ಸ್ ಹೂಡಿದ ಮೊಕದ್ದಮೆ ನಡೆಯುತ್ತಿದ್ದಾಗ, 24 ಗಂಟೆಗೆ ಅಳಿಸಿಹೋಗುತ್ತಿದ್ದ ಸಿಬ್ಬಂದಿ ಚಾಟ್‌ಗಳನ್ನು ಗೂಗಲ್ ಉಳಿಸಿಕೊಳ್ಳಲಿಲ್ಲ. 2023ರ ಮಾರ್ಚ್‌ನಲ್ಲಿ ನ್ಯಾಯಾಧೀಶ ಜೇಮ್ಸ್ ಡೊನಾಟೊ ಅದನ್ನು ಕಂಪನಿಯ ಲೋಪವೆಂದೇ ಹೇಳಿದರು. ಇನ್ನೊಂದು ಮಗ್ಗುಲೂ ಇದೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಉದ್ದೇಶ ಮುಗಿದ ವೈಯಕ್ತಿಕ ಮಾಹಿತಿಯನ್ನು ಬೇರೆ ಕಾನೂನು ಉಳಿಸಲು ಹೇಳದಿದ್ದರೆ ಅಳಿಸಬೇಕು ಎನ್ನುತ್ತದೆ. ಕೆಲಸ ಸಿಗದ ಅಭ್ಯರ್ಥಿಯ ಆಧಾರ್ ಪ್ರತಿಯನ್ನು ಕಂಪನಿ ವರ್ಷಗಟ್ಟಲೆ ಇಟ್ಟುಕೊಳ್ಳುವುದಕ್ಕೆ ಒಳ್ಳೆಯ ಕಾರಣ ಇರಲಾರದು.

ಅನುಮತಿ ಸಿಕ್ಕಿತು ಎನ್ನೋಣ. ಮುಂದೆ ನೋಡಬೇಕಾದ್ದು ಉಳಿಸಿಕೊಳ್ಳುವ ನೀತಿ, ಅಂದರೆ ರಿಟೆನ್ಷನ್. ವರ್ಕ್‌ಸ್ಪೇಸ್ ಸೆಟ್ಟಿಂಗ್ಸ್‌ನ `Retention & Exports` ಭಾಗದಲ್ಲಿ ಅದು ಕಾಣುತ್ತದೆ. ಅಡ್ಮಿನ್ ಅಲ್ಲದ ಸದಸ್ಯರೂ ಇದನ್ನು ಓದಬಹುದು, ಓದುವುದು ಒಳ್ಳೆಯದು. ಮುಖ್ಯವಾಗಿ ಮೂರು ಬಗೆ: ಎಲ್ಲವನ್ನೂ ಇಟ್ಟುಕೊಳ್ಳುವುದು, ಎಲ್ಲವನ್ನೂ ಇಟ್ಟುಕೊಂಡು ತಿದ್ದಿದ್ದು ಮತ್ತು ಅಳಿಸಿದ್ದನ್ನೂ ದಾಖಲಿಸುವುದು, ಇಂತಿಷ್ಟು ದಿನವಾದ ಮೇಲೆ ಅಳಿಸುವುದು. ಎರಡನೆಯದು ಹಣ ಕಟ್ಟಿದ ಪ್ಲಾನ್‌ಗಳಲ್ಲಿ ಸಿಗುತ್ತದೆ. ನಿಮ್ಮ ಕಚೇರಿಯಲ್ಲಿ ಅದು ಆನ್ ಇದ್ದರೆ, ನೀವು ಅಳಿಸಿದ ಸಂದೇಶ ನಿಮ್ಮ ಪರದೆಯಿಂದ ಹೋಗಿರುತ್ತದೆಯೇ ಹೊರತು ದಾಖಲೆಯಿಂದ ಹೋಗಿರುವುದಿಲ್ಲ. ಓನರ್ ಎಕ್ಸ್‌ಪೋರ್ಟ್ ತೆಗೆದರೆ ಅಳಿಸಿದ ಮಾತು ಅದರಲ್ಲಿ ಬರುತ್ತದೆ. ಉಚಿತ ಪ್ಲಾನ್‌ನವರ ಕಥೆ ಬೇರೆ. ಅವರಿಗೆ ಕಾಣುವುದು ಕೊನೆಯ 90 ದಿನದ ಮಾತುಕತೆ ಮಾತ್ರ. 2024ರ ಆಗಸ್ಟ್ 26ರಿಂದ, ಒಂದು ವರ್ಷ ದಾಟಿದ್ದನ್ನು ಸ್ಲ್ಯಾಕ್ ತಾನೇ ಶಾಶ್ವತವಾಗಿ ಅಳಿಸುತ್ತಿದೆ.

ಈಗ ಫೈಲ್‌ಗಳಿಗೆ ಬನ್ನಿ. ಹುಡುಕಾಟದ ಪಟ್ಟಿಯಲ್ಲಿ `in:#hiring-2023` ಎಂದು ಟೈಪ್ ಮಾಡಿ, ಫಲಿತಾಂಶದಲ್ಲಿ `Files` ಒತ್ತಿ. ಸಿಕ್ಕ ಪ್ರತಿಯೊಂದರ ಪಕ್ಕದ ಮೂರು ಚುಕ್ಕಿ ಒತ್ತಿದರೆ `Delete file` ಇರುತ್ತದೆ. ತಾವು ಹಾಕಿದ ಫೈಲ್ ತಾವೇ ಅಳಿಸಬಹುದು. ಬೇರೆಯವರದ್ದಾದರೆ ಓನರ್ ಅಥವಾ ಅಡ್ಮಿನ್ ಬೇಕು. ಪಟ್ಟಿ ಖಾಲಿಯಾಗುವವರೆಗೆ ಮುಂದೆ ಹೋಗಬೇಡಿ. ಗೂಗಲ್ ಡ್ರೈವ್‌ನ ಕೊಂಡಿ ಹಾಕಿದ್ದರೆ ಅದು ಸ್ಲ್ಯಾಕ್‌ನ ಫೈಲೇ ಅಲ್ಲ. ಅದನ್ನು ಡ್ರೈವ್‌ಗೆ ಹೋಗಿಯೇ ತೆಗೆಯಬೇಕು.

ಆಮೇಲೆ ಚಾನೆಲ್. ಮೇಲ್ಗಡೆ ಅದರ ಹೆಸರನ್ನು ಒತ್ತಿ, `Settings` ಟ್ಯಾಬ್‌ಗೆ ಹೋಗಿ, ಕೆಳಗಿನ `Delete this channel` ಆರಿಸಿ, ಶಾಶ್ವತವಾಗಿ ಅಳಿಸುವುದಕ್ಕೆ ಒಪ್ಪಿಗೆಯ ಗುರುತು ಹಾಕಿದರೆ ಮುಗಿಯಿತು. ಆ ಸಾಲು ಕಾಣದಿದ್ದರೆ ನಿಮಗೆ ಅಧಿಕಾರವಿಲ್ಲ ಎಂದರ್ಥ. ಇದು ಸಾಮಾನ್ಯವಾಗಿ ಓನರ್ ಮತ್ತು ಅಡ್ಮಿನ್‌ಗಳ ಕೆಲಸ. ಖಾಸಗಿ ಚಾನೆಲ್ ಆದರೆ ಅವರೂ ಅದರ ಸದಸ್ಯರಾಗಿರಬೇಕು. ಎಲ್ಲರೂ ಇರುವ `#general` ಚಾನೆಲನ್ನು ಯಾರೂ ಅಳಿಸಲಾರರು. ಅಳಿಸಿದ ಚಾನೆಲನ್ನು ಮರಳಿ ತರುವ ದಾರಿಯಿಲ್ಲ. ಅಳಿಸಲೇಬೇಕಾದ ಮಾಹಿತಿ ಇಲ್ಲದೆ, ಪಟ್ಟಿ ಉದ್ದವಾಯಿತು ಎಂಬುದಷ್ಟೇ ತೊಂದರೆಯಾದರೆ ಅದೇ ಟ್ಯಾಬ್‌ನಲ್ಲಿರುವ ಆರ್ಕೈವ್ ಸಾಕು. ಹಳೆಯದು ಹುಡುಕಲು ಸಿಗುತ್ತದೆ, ಬೇಕಾದಾಗ ಮತ್ತೆ ತೆರೆಯಲೂ ಬರುತ್ತದೆ.

ಚಾನೆಲ್ ಇರಲಿ, ಹಳೆಯ ಸಂದೇಶ ಮಾತ್ರ ಹೋಗಲಿ ಎನ್ನುವವರಿಗೆ ಒಂದು ಬೇಸರದ ಸಂಗತಿ. ನೂರಾರು ಸಂದೇಶ ಗುರುತು ಹಾಕಿ ಒಟ್ಟಿಗೆ ಅಳಿಸುವ ಬಟನ್ ಸ್ಲ್ಯಾಕ್‌ನಲ್ಲಿ ಇಲ್ಲ. ಒಂದೊಂದಾಗಿ ಸಂದೇಶದ ಮೂರು ಚುಕ್ಕಿ ಒತ್ತಿ `Delete message` ಆರಿಸಬೇಕು. ಉತ್ತರಗಳಿರುವ ಥ್ರೆಡ್‌ನ ಮೊದಲ ಸಂದೇಶ ಅಳಿಸಿದರೆ, ಸಂದೇಶ ಅಳಿಸಲಾಗಿದೆ ಎಂಬ ಸಾಲು ಅದರ ಜಾಗದಲ್ಲಿ ಉಳಿಯುತ್ತದೆ, ಉತ್ತರಗಳು ಹಾಗೇ ಇರುತ್ತವೆ. ಆಧಾರ್ ಸಂಖ್ಯೆಯನ್ನು ಯಾರಾದರೂ ಉತ್ತರದಲ್ಲಿ ಮತ್ತೆ ಬರೆದಿದ್ದರೆ ಅದು ಅಲ್ಲೇ ಕೂತಿರುತ್ತದೆ.

ಕೋಡ್ ಬಲ್ಲವರು ಈ ಕೆಲಸಕ್ಕೆ `chat.delete` ಬಳಸುತ್ತಾರೆ:

```
curl -X POST https://slack.com/api/chat.delete \
  -H "Authorization: Bearer $TOKEN" \
  -d channel=C0123ABCD \
  -d ts=1672574400.123456
```

ಇಲ್ಲಿ `ts` ಎಂಬುದು ಸಂದೇಶ ಕಳಿಸಿದ ಸಮಯ. ಮೇಲಿನದು 2023ರ ಜನವರಿ 1ರ ಸಂಜೆ 5:30, ನಮ್ಮ ಗಡಿಯಾರದಂತೆ. ಸಂದೇಶದ ಕೊಂಡಿಯನ್ನು ಕಾಪಿ ಮಾಡಿದರೆ ಕೊನೆಯಲ್ಲಿ `p1672574400123456` ಎಂದು ಬರುತ್ತದೆ. ಅದರ `p` ತೆಗೆದು, ಕೊನೆಯ ಆರು ಅಂಕಿಗಳ ಮೊದಲು ಚುಕ್ಕಿ ಇಟ್ಟರೆ ಆಯಿತು. ಬಾಟ್‌ನ ಟೋಕನ್ ಕೊಟ್ಟರೆ ಆ ಬಾಟ್ ಕಳಿಸಿದ್ದು ಮಾತ್ರ ಅಳಿಯುತ್ತದೆ, ಉಳಿದದ್ದಕ್ಕೆ `cant_delete_message` ಎಂಬ ಉತ್ತರ ಬರುತ್ತದೆ. ಬಹಳ ಜನ ಎಡವುವುದು ಇಲ್ಲೇ. ವೇಗದ ಮಿತಿಯೂ ಇದೆ, ನಿಮಿಷಕ್ಕೆ ಸುಮಾರು 50. ಹಾಗಾಗಿ 3,000 ಸಂದೇಶಕ್ಕೆ ಒಂದು ಗಂಟೆ ಬೇಕು.

ಹಣ ಕಟ್ಟಿದ ಪ್ಲಾನ್ ಇದ್ದರೆ ಇದಕ್ಕಿಂತ ಸಲೀಸಾದ ದಾರಿ, ಆ ಒಂದು ಚಾನೆಲ್‌ಗೆ ಮಾತ್ರ ರಿಟೆನ್ಷನ್ ಅವಧಿ ಹಾಕುವುದು. 30 ದಿನ ಎಂದಿಟ್ಟರೆ ಅದಕ್ಕಿಂತ ಹಳೆಯದನ್ನು ಸ್ಲ್ಯಾಕ್ ತಾನೇ ತೆಗೆಯುತ್ತಾ ಹೋಗುತ್ತದೆ. ಆದರೆ ಉಳಿಸುವ ಮೊದಲು ಆ ಪುಟದ ಮೇಲ್ಭಾಗ ಇನ್ನೊಮ್ಮೆ ನೋಡಿ. ಚಾನೆಲ್‌ನ ಬದಲು ಇಡೀ ವರ್ಕ್‌ಸ್ಪೇಸ್‌ನ ಸೆಟ್ಟಿಂಗ್‌ನಲ್ಲಿ 30 ಎಂದು ಹಾಕಿದರೆ ಕಚೇರಿಯ ವರ್ಷಗಳ ಮಾತುಕತೆ ಹೋಗುತ್ತದೆ, ಮತ್ತೆ ಸಿಗುವುದಿಲ್ಲ. ಫೈಲ್‌ಗಳ ಅವಧಿಯನ್ನು ಪ್ರತ್ಯೇಕವಾಗಿ ಹೊಂದಿಸಬೇಕು ಎಂಬುದನ್ನೂ ಮರೆಯಬೇಡಿ.

ಕೊನೆಯದಾಗಿ, ಹಿಂದೆ ಯಾರಾದರೂ ಎಕ್ಸ್‌ಪೋರ್ಟ್ ತೆಗೆದಿದ್ದಾರೆಯೇ ಎಂದು ಓನರ್‌ಗಳನ್ನು ಕೇಳಿ. ಅವರ ಲ್ಯಾಪ್‌ಟಾಪಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ 2023ರ ಜಿಪ್ ಫೈಲ್ ಒಂದು ಉಳಿದಿದ್ದರೆ, ಅಳಿಸಿದೆವೆಂದುಕೊಂಡ ಸಂದೇಶಗಳ ಒಂದು ಪ್ರತಿ ಅದರಲ್ಲಿ ಇದ್ದೇ ಇರುತ್ತದೆ. ಅಭ್ಯರ್ಥಿಗೆ ‘ನಿಮ್ಮ ಮಾಹಿತಿ ತೆಗೆದಿದ್ದೇವೆ’ ಎಂದು ಪತ್ರ ಬರೆಯುವುದು ಆ ಜಿಪ್ ಫೈಲೂ ಹೋದ ಮೇಲೆ.