ಪಂಪ್ ಒತ್ತಿದ ಮೇಲಿನ 15 ಸೆಕೆಂಡು

ಮಾರ್ಚ್ 10ನೇ ತಾರೀಖು, ಬ್ಯಾಡಗಿ ಹತ್ತಿರದ ಹಳ್ಳಿಯಿಂದ ಒಬ್ಬ ತಾಯಿ 6 ವರ್ಷದ ಮಗನನ್ನು ಕರೆದುಕೊಂಡು ಬಂದಿದ್ದರು. ನಾನು ಹುಬ್ಬಳ್ಳಿಯಲ್ಲಿ ಮಕ್ಕಳ ವಾರ್ಡಿನ ನರ್ಸ್. ಹುಡುಗನಿಗೆ ಉಬ್ಬಸ ಇದೆ ಎಂದು ಗೊತ್ತಾಗಿ ಎರಡು ತಿಂಗಳಾಗಿತ್ತು. "ದಿನಾ ಎರಡು ಹೊತ್ತು ತಪ್ಪಸದಂಗ ಪಂಪ್ ಹೊಡೀತೇನ್ರೀ ಸಿಸ್ಟರ್. ಆದ್ರೂ ರಾತ್ರಿ ಎದ್ದು ಕೂತು ಕೆಮ್ಮತಾನ" ಎಂದರು. ಮೆಣಸಿನಕಾಯಿ ಸುಗ್ಗಿಯ ದಿನ. ಊರೆಲ್ಲಾ ಘಾಟು. ಅದಕ್ಕೇ ಕೆಮ್ಮು ಇರಬೇಕು ಎಂದು ಮನೆಯವರು ಸುಮ್ಮನಿದ್ದರು.

ಘಾಟಿನಿಂದ ಉಬ್ಬಸ ಜಾಸ್ತಿ ಆಗುತ್ತದೆ, ಅದು ನಿಜ. ಆದರೆ ಡಾಕ್ಟರು ಔಷಧ ಬದಲಿಸುವ ಮೊದಲು ನಾವು ಒಂದು ಕೆಲಸ ಮಾಡುತ್ತೇವೆ. "ಅಕ್ಕಾರ, ಮನ್ಯಾಗ ಹೆಂಗ ಹೊಡೀತೀರಿ, ಹಂಗ ನನ್ನ ಮುಂದ ಒಮ್ಮೆ ತೋರಸ್ರಿ" ಎಂದೆ.

ಅವರು ಚೀಲದಿಂದ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ತೆಗೆದು ಸೆರಗಿನಿಂದ ಒಳಗೂ ಹೊರಗೂ ಚೆನ್ನಾಗಿ ಒರೆಸಿದರು. ಪಂಪನ್ನು, ಅಂದರೆ ಇನ್ಹೇಲರನ್ನು, ಅದಕ್ಕೆ ಸಿಕ್ಕಿಸಿ ಮಗನ ಬಾಯಿಗಿಟ್ಟರು. ಡಬ್ಬಿಯನ್ನು ಫುಸ್ ಫುಸ್ ಎಂದು ಒಂದರ ಹಿಂದೊಂದು ಎರಡು ಸಲ ಒತ್ತಿದರು. ಹುಡುಗ ಒಂದು ದೊಡ್ಡ ಉಸಿರು ಎಳೆದು ಬಾಯಿ ತೆಗೆದುಬಿಟ್ಟ. ಮೂರೇ ಸೆಕೆಂಡಿನಲ್ಲಿ ಎಲ್ಲಾ ಮುಗಿಯಿತು. ಆ ತಾಯಿ ಒಂದು ದಿನವೂ ತಪ್ಪಿಸಿರಲಿಲ್ಲ. ಆದರೂ ಔಷಧದ ಬಹುಪಾಲು ಎದೆಯವರೆಗೆ ಹೋಗಿರಲೇ ಇಲ್ಲ.

ಸ್ಪೇಸರ್ ಯಾಕೆ ಬೇಕು?

ಇನ್ಹೇಲರ್ ಡಬ್ಬಿಯಲ್ಲಿ ಔಷಧ ಒತ್ತಡದಲ್ಲಿರುತ್ತದೆ. ಒತ್ತಿದಾಗ ಬಹಳ ಜೋರಾಗಿ ಹೊರಗೆ ನುಗ್ಗುತ್ತದೆ. ನೇರವಾಗಿ ಬಾಯಿಗಿಟ್ಟು ಒತ್ತಿದರೆ ಹೆಚ್ಚಿನ ಪಾಲು ಗಂಟಲಿನ ಹಿಂಭಾಗಕ್ಕೆ ಬಡಿದು ಅಲ್ಲೇ ಅಂಟಿಕೊಳ್ಳುತ್ತದೆ. ಒತ್ತುವುದಕ್ಕೂ ಉಸಿರು ಎಳೆಯುವುದಕ್ಕೂ ಸರಿಯಾಗಿ ಹೊಂದಬೇಕು, ದೊಡ್ಡವರಿಗೇ ಅದು ಕಷ್ಟ. ಸ್ಪೇಸರಿನ ಕೊಳವೆಯೊಳಗೆ ಔಷಧದ ವೇಗ ತಗ್ಗುತ್ತದೆ. ದಪ್ಪ ಹನಿಗಳು ಕೊಳವೆಯ ಗೋಡೆಗೆ ಅಂಟುತ್ತವೆ. ಸಣ್ಣ ಹನಿಗಳು ಗಾಳಿಯಲ್ಲಿ ತೇಲುತ್ತಾ ಉಳಿಯುತ್ತವೆ. ಎದೆಯ ಒಳಗೆ ಇಳಿಯುವುದು ಆ ಸಣ್ಣ ಹನಿಗಳೇ. ಆದರೆ ಅವು ಬಹಳ ಹೊತ್ತು ತೇಲುವುದಿಲ್ಲ. ಅದಕ್ಕೇ ಒತ್ತಿದ ತಕ್ಷಣ ಉಸಿರಾಟ ಶುರುವಾಗಬೇಕು.

ಒಂದೊಂದಾಗಿ ಮಾಡೋಣ

ಮಗುವನ್ನು ನೆಟ್ಟಗೆ ಕೂರಿಸಿ, ಇಲ್ಲವೇ ನಿಲ್ಲಿಸಿ. ಮಲಗಿಸಿಕೊಂಡು ಬೇಡ. ಇನ್ಹೇಲರಿನ ಮುಚ್ಚಳ ತೆಗೆದು ಅದರ ಬಾಯಿಯೊಳಗೆ ಕಸ ಏನಾದರೂ ಇದೆಯಾ ಎಂದು ಒಮ್ಮೆ ನೋಡಿ. ಸ್ಪೇಸರನ್ನೂ ಹಾಗೇ ನೋಡಿ. ಆಮೇಲೆ ಇನ್ಹೇಲರನ್ನು ನಾಲ್ಕೈದು ಸಲ ಚೆನ್ನಾಗಿ ಅಲ್ಲಾಡಿಸಿ, ಯಾಕೆಂದರೆ ಒಳಗಿನ ಔಷಧ ತಳಕ್ಕೆ ಕೂತಿರುತ್ತದೆ. ಹೊಸ ಇನ್ಹೇಲರ್ ಆಗಿದ್ದರೆ, ಅಥವಾ ಬಹಳ ದಿನ ಬಳಸದೆ ಇಟ್ಟಿದ್ದರೆ, ಮೊದಲು ಗಾಳಿಗೆ ಒತ್ತಿ ಬಿಡಬೇಕು. ಎಷ್ಟು ಸಲ ಎಂದು ಡಬ್ಬಿಯ ಜೊತೆಗಿನ ಹಾಳೆಯಲ್ಲಿ ಇರುತ್ತದೆ.

ಈಗ ಇನ್ಹೇಲರನ್ನು ಸ್ಪೇಸರಿನ ಹಿಂದಿನ ತೂತಿಗೆ ಸಿಕ್ಕಿಸಿ. ಡಬ್ಬಿ ಮೇಲ್ಮುಖವಾಗಿ ನೆಟ್ಟಗಿರಲಿ. ಮಗುವಿಗೆ ಒಮ್ಮೆ ಉಸಿರು ಬಿಡಲು ಹೇಳಿ. ಸ್ಪೇಸರಿನ ತುದಿಯನ್ನು ಹಲ್ಲುಗಳ ನಡುವೆ ಇಟ್ಟು, ತುಟಿಗಳನ್ನು ಸುತ್ತಲೂ ಬಿಗಿಯಾಗಿ ಮುಚ್ಚಿಸಿ. ನಾಲಿಗೆ ಅಡ್ಡ ಬರಬಾರದು.

ಡಬ್ಬಿಯನ್ನು ಒಂದೇ ಒಂದು ಸಲ ಒತ್ತಿ. ಆ ಕೂಡಲೇ ಮಗು ನಿಧಾನವಾಗಿ, ಸಹಜವಾಗಿ 5 ಸಲ ಉಸಿರು ಎಳೆದು ಬಿಡಲಿ. ಬಾಯಿಂದ ಸ್ಪೇಸರ್ ತೆಗೆಯುವುದು ಬೇಡ. ಇದಕ್ಕೆ ಸುಮಾರು 15 ಸೆಕೆಂಡು ಬೇಕು. ಕೆಲವು ಸ್ಪೇಸರುಗಳು ಜೋರಾಗಿ ಎಳೆದರೆ ಸೀಟಿ ಊದುತ್ತವೆ. ಸೀಟಿ ಬಂದರೆ ಖುಷಿಪಡಬೇಡಿ, "ಇನ್ನೂ ಸಾವಕಾಶ ಎಳಿ" ಎಂದು ಅದರ ಅರ್ಥ. ಸ್ವಲ್ಪ ದೊಡ್ಡ ಮಕ್ಕಳು, ದೊಡ್ಡವರು ಒಂದೇ ನಿಧಾನ ಉಸಿರು ಪೂರ್ತಿ ಎಳೆದು 10 ಸೆಕೆಂಡು ಹಿಡಿದುಕೊಳ್ಳಬಹುದು. ಹಿಡಿಯಲು ಆಗದವರಿಗೆ 5 ಉಸಿರಿನ ಕ್ರಮವೇ ಸರಿ.

ಈ ಹೊತ್ತಿನಲ್ಲಿ ನಿಮ್ಮ ಕಣ್ಣು ಸ್ಪೇಸರಿನ ವಾಲ್ವ್ ಮೇಲಿರಲಿ. ಬಾಯಿಗಿಡುವ ಕಡೆ ಒಂದು ತೆಳು ರಬ್ಬರಿನ ಪೊರೆ ಕಾಣುತ್ತದಲ್ವಾ, ಅದೇ. ಪ್ರತಿ ಉಸಿರಿಗೂ ಅದು ಎದ್ದು ಕೂರುತ್ತದೆ. ಅದನ್ನೇ ಎಣಿಸಿ. ಮಗುವಿನ ಎದೆ ಏರಿಳಿಯುತ್ತಿದ್ದು ವಾಲ್ವ್ ಮಾತ್ರ ಅಲುಗಾಡದಿದ್ದರೆ ಮಗು ಮೂಗಿನಿಂದ ಉಸಿರಾಡುತ್ತಿದೆ ಎಂದು ತಿಳಿಯಿರಿ. ಬ್ಯಾಡಗಿಯ ಹುಡುಗನೂ ಎರಡನೇ ಸಲ ಮಾಡಿಸಿದಾಗ ಇದನ್ನೇ ಮಾಡಿದ. ಅವನ ಮೂಗನ್ನು ಎರಡು ಬೆರಳಿನಿಂದ ಮೆಲ್ಲಗೆ ಹಿಡಿದೆ, ಪೊರೆ ಟಪ್ ಎಂದು ಎದ್ದಿತು. ತಾಯಿ ಅದನ್ನು ಮೊದಲ ಸಲ ನೋಡಿದ್ದು. "ಇದು ಅಲ್ಲಾಡಬೇಕೇನ್ರೀ?" ಎಂದರು.

ಎರಡನೇ ಪಫ್ ಬೇಕಿದ್ದರೆ ಅರ್ಧದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಅಲ್ಲಾಡಿಸಿ, ಮೊದಲಿನಿಂದ ಅದೇ ಕ್ರಮ. ಎರಡನ್ನೂ ಒಟ್ಟಿಗೆ ಒತ್ತಿದರೆ ಹನಿಗಳು ಒಂದಕ್ಕೊಂದು ಡಿಕ್ಕಿ ಹೊಡೆದು ದಪ್ಪವಾಗಿ ಗೋಡೆಗೆ ಅಂಟುತ್ತವೆ. ಎರಡು ಒತ್ತಿಗೆ ಎರಡರಷ್ಟು ಔಷಧ ಸಿಗುವುದಿಲ್ಲ.

ಸುಮಾರು 4 ವರ್ಷದೊಳಗಿನ ಮಕ್ಕಳಿಗೆ ಸ್ಪೇಸರಿಗೆ ಮಾಸ್ಕ್ ಬೇಕು. ಮಾಸ್ಕ್ ಮೂಗು, ಬಾಯಿ ಎರಡನ್ನೂ ಮುಚ್ಚಿ ಕೆನ್ನೆಗೆ ಕೂರಬೇಕು. ಒಂದು ಕಡೆ ಸಂದು ಬಿದ್ದರೂ ಮಗು ಅಲ್ಲಿಂದಲೇ ಗಾಳಿ ಎಳೆಯುತ್ತದೆ. ಅಳುವಾಗ ಕೊಟ್ಟರೆ ಒಳಗೆ ಹೋಗುವುದು ಬಹಳ ಕಡಿಮೆ. ಮೊದಲು ಔಷಧ ಇಲ್ಲದೆ ಬರೀ ಮಾಸ್ಕ್ ಹಿಡಿದು ಆಟವಾಡಿಸಿ, ಗೊಂಬೆಗೂ ಹಾಕಿ ತೋರಿಸಿ. ಅಜ್ಜಿಯ ತೊಡೆಯ ಮೇಲೆ ಬೆನ್ನು ಕೊಟ್ಟು ಕೂತರೆ ಇನ್ನೂ ಒಳ್ಳೆಯದು.

ದಿನವೂ ತೆಗೆದುಕೊಳ್ಳುವ ಔಷಧ ಸ್ಟೀರಾಯ್ಡ್ ಆಗಿದ್ದರೆ ಮುಗಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿಸಿ. ಇಲ್ಲದಿದ್ದರೆ ನಾಲಿಗೆಯ ಮೇಲೆ ಬಿಳಿ ಬೂಷ್ಟು ಬರಬಹುದು, ದನಿ ಒಡೆಯಬಹುದು. ಮಾಸ್ಕ್ ಹಾಕಿದ್ದರೆ ಮುಖವನ್ನೂ ಒರೆಸಿ.

ಸೆರಗಿನಿಂದ ಒರೆಸಿದರೆ ಏನಾಗುತ್ತದೆ?

ತಲೆ ಬಾಚಿದ ಬಾಚಣಿಗೆ ಕಾಗದದ ಚೂರನ್ನು ಎಳೆದುಕೊಳ್ಳುವುದನ್ನು ನೋಡಿದ್ದೀರಲ್ಲ? ಪ್ಲಾಸ್ಟಿಕ್ ಸ್ಪೇಸರನ್ನು ಬಟ್ಟೆಯಿಂದ ಉಜ್ಜಿದರೂ ಅದೇ ಆಗುತ್ತದೆ. ಗೋಡೆಯಲ್ಲಿ ಹುಟ್ಟುವ ಸಣ್ಣ ವಿದ್ಯುತ್ತು ಔಷಧದ ಹನಿಗಳನ್ನು ಎಳೆದು ಅಂಟಿಸಿಕೊಳ್ಳುತ್ತದೆ. ಮಗುವಿಗೆ ಹೋಗಬೇಕಾದ್ದು ಗೋಡೆಗೆ ಹೋಗುತ್ತದೆ. ಆ ತಾಯಿ ಸ್ವಚ್ಛವಾಗಿರಲಿ ಎಂದು ದಿನಕ್ಕೆರಡು ಸಲ ಒರೆಸುತ್ತಿದ್ದರು. ಅದನ್ನು ಹೇಳುವಾಗ ನನಗೇ ಸಂಕಟವಾಯಿತು.

ಹೊಸ ಸ್ಪೇಸರನ್ನು ಬಳಸುವ ಮೊದಲು, ಆಮೇಲೆ ತಿಂಗಳಿಗೊಮ್ಮೆ ತೊಳೆದರೆ ಸಾಕು. ಬಿಡಿಭಾಗಗಳನ್ನು ಬಿಚ್ಚಿ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಕೆಲವು ಹನಿ ಹಾಕಿ 15 ನಿಮಿಷ ನೆನೆಸಿ. ಒಳಗೆ ಬ್ರಶ್ ಹಾಕಬೇಡಿ. ಬಾಯಿಗಿಡುವ ತುದಿಯನ್ನು ಮಾತ್ರ ಒಳ್ಳೆಯ ನೀರಿನಲ್ಲಿ ತೊಳೆದು, ಉಳಿದದ್ದನ್ನು ಹಾಗೇ ಝಾಡಿಸಿ ನೆಟ್ಟಗೆ ನಿಲ್ಲಿಸಿ. ರಾತ್ರಿ ಇಟ್ಟರೆ ಬೆಳಗ್ಗೆಗೆ ಒಣಗಿರುತ್ತದೆ. ಒಳಗೆ ಉಳಿಯುವ ಸೋಪಿನ ತೆಳು ಪದರವೇ ಆ ವಿದ್ಯುತ್ತನ್ನು ತಡೆಯುತ್ತದೆ. ನಿಮ್ಮ ಸ್ಪೇಸರಿನ ಹಾಳೆಯಲ್ಲಿ ಬೇರೆ ರೀತಿ ಬರೆದಿದ್ದರೆ ಅದನ್ನೇ ಪಾಲಿಸಿ. ವಾಲ್ವ್ ಹರಿದಿದ್ದರೆ, ಸೆಟೆದುಕೊಂಡಿದ್ದರೆ ಹೊಸದು ತರಬೇಕು.

ಫುಸ್ ಅಂದರೂ ಖಾಲಿ ಇರಬಹುದು

ಆ ದಿನ ಇನ್ನೊಂದು ಸಂಗತಿ ಗೊತ್ತಾಯಿತು. ಅವರ ಇನ್ಹೇಲರಿನ ಮೇಲೆ 200 ಡೋಸ್ ಎಂದು ಬರೆದಿತ್ತು. ಬೆಳಗ್ಗೆ 2, ರಾತ್ರಿ 2, ಅಂದರೆ ದಿನಕ್ಕೆ 4 ಪಫ್. 200ನ್ನು 4ರಿಂದ ಭಾಗಿಸಿದರೆ 50 ದಿನ. ಶುರು ಮಾಡಿದ್ದು ಜನವರಿ 10ಕ್ಕೆ. ಫೆಬ್ರವರಿ 28ಕ್ಕೆ ಮುಗಿದಿತ್ತು. ಮಾರ್ಚ್ 10ರವರೆಗೆ ಅವರು ಒತ್ತುತ್ತಿದ್ದದ್ದು ಹೆಚ್ಚುಕಡಿಮೆ ಬರೀ ಗ್ಯಾಸ್. ಔಷಧ ತೀರಿದ ಮೇಲೂ ಗ್ಯಾಸ್ ಉಳಿದು ಫುಸ್ ಎನ್ನುತ್ತದೆ. ನೀರಿನಲ್ಲಿ ತೇಲಿಸಿ ನೋಡುವುದು, ಕಿವಿಯ ಹತ್ತಿರ ಅಲ್ಲಾಡಿಸುವುದು ಎರಡೂ ನಂಬುವಂಥದ್ದಲ್ಲ. ಎಣಿಕೆ ತೋರಿಸುವ ಅಂಕಿ ಇದ್ದರೆ ಅದನ್ನು ನೋಡಿ. ಇಲ್ಲದಿದ್ದರೆ ಶುರು ಮಾಡಿದ ದಿನವೇ ಮುಗಿಯುವ ತಾರೀಖು ಲೆಕ್ಕ ಹಾಕಿ ಗೋಡೆಯ ಕ್ಯಾಲೆಂಡರಿನಲ್ಲಿ ಗೆರೆ ಎಳೆಯಿರಿ. ಅದಕ್ಕೆ ವಾರ ಮೊದಲೇ ಹೊಸದು ಮನೆಯಲ್ಲಿರಲಿ.

ದಿನದ್ದು ಬೇರೆ, ದಮ್ಮು ಬಂದಾಗಿನದು ಬೇರೆ

ಹೆಚ್ಚಿನ ಮನೆಗಳಲ್ಲಿ ಎರಡು ಇನ್ಹೇಲರ್ ಇರುತ್ತವೆ. ಒಂದು ಉಸಿರುನಾಳದ ಬಾವು ಇಳಿಸುವ ಸ್ಟೀರಾಯ್ಡ್. ಮಗು ಚೆನ್ನಾಗಿದ್ದರೂ ದಿನವೂ ಬೇಕು. ಗುಣ ಕಾಣಲು ಕೆಲವು ದಿನ, ವಾರಗಳೇ ಹಿಡಿಯುತ್ತವೆ. ಇನ್ನೊಂದು ದಮ್ಮು ಬಂದಾಗ ಬಳಸುವ ಸಾಲ್ಬುಟಮಾಲ್. ಕೆಲವೇ ನಿಮಿಷದಲ್ಲಿ ಉಸಿರುನಾಳ ಸಡಿಲಿಸುತ್ತದೆ, ನಾಲ್ಕಾರು ಗಂಟೆ ಇರುತ್ತದೆ. ಬಣ್ಣ ನಂಬಿ ಗುರುತು ಹಿಡಿಯಬೇಡಿ, ಕಂಪನಿ ಬದಲಾದರೆ ಬಣ್ಣವೂ ಬದಲಾಗುತ್ತದೆ. ಸಾಲ್ಬುಟಮಾಲಿಗೆ ಒಂದು ಕೆಂಪು ರಬ್ಬರ್ ಬ್ಯಾಂಡ್ ಸುತ್ತಿಡಿ. ರಾತ್ರಿ ಕರೆಂಟ್ ಹೋದಾಗಲೂ ಕೈಗೆ ಗೊತ್ತಾಗುತ್ತದೆ.

"ಪಂಪ್ ಹಚ್ಚಿದ್ರ ಚಟ ಆಗ್ತೈತಿ, ಔಷಧ ಪಾವರ್ ಜಾಸ್ತಿ" ಎಂದು ಹಿರಿಯರು ಹೆದರಿಸುತ್ತಾರೆ. ಚಟ ಆಗುವುದಿಲ್ಲ. ಒಂದು ಪಫ್ ಸಾಲ್ಬುಟಮಾಲಿನಲ್ಲಿ 100 ಮೈಕ್ರೋಗ್ರಾಂ ಇರುತ್ತದೆ. ಅದೇ ಔಷಧದ 2 ಮಿಲಿಗ್ರಾಂ ಗುಳಿಗೆಯಲ್ಲಿ ಅದರ 20 ಪಟ್ಟು ಇರುತ್ತದೆ, ಅದೂ ಮೈಯೆಲ್ಲಾ ಸುತ್ತಿ ಎದೆಗೆ ಬರಬೇಕು.

ದಮ್ಮು ಬಂದಾಗ ಎಷ್ಟು ಪಫ್ ಎಂದು ಡಾಕ್ಟರಿಂದ ಮೊದಲೇ ಚೀಟಿಯಲ್ಲಿ ಬರೆಸಿಕೊಂಡು ಸ್ಪೇಸರಿನ ಜೊತೆ ಇಡಿ. ಆಗಲೂ ಒಂದು ಒತ್ತು, 5 ಉಸಿರು, ಮತ್ತೆ ಒಂದು ಒತ್ತು. ಮಗು ಒಂದು ವಾಕ್ಯ ಪೂರ್ತಿ ಮಾತಾಡಲು ಆಗದೆ ತಡವರಿಸಿದರೆ, ಪಕ್ಕೆ ಒಳಗೆ ಸೆಳೆದರೆ, ತುಟಿ ನೀಲಿಗಟ್ಟಿದರೆ, ಮಂಕಾದರೆ, ಅಥವಾ ಚೀಟಿಯಲ್ಲಿದ್ದಷ್ಟು ಕೊಟ್ಟರೂ ಕಡಿಮೆ ಆಗದಿದ್ದರೆ ತಡಮಾಡದೆ 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೆ ಮಗುವನ್ನು ಮಲಗಿಸಬೇಡಿ, ಕೂರಿಸಿಕೊಂಡು ಸಾಲ್ಬುಟಮಾಲ್ ಕೊಡುತ್ತಿರಿ. ಸಾಲ್ಬುಟಮಾಲ್ ವಾರದಲ್ಲಿ ಎರಡಕ್ಕಿಂತ ಹೆಚ್ಚು ದಿನ ಬೇಕಾಗುತ್ತಿದ್ದರೂ ಮುಂದಿನ ತಾರೀಖಿಗೆ ಕಾಯದೆ ಬಂದು ತೋರಿಸಿ.

ಬ್ಯಾಡಗಿಯ ಹುಡುಗನಿಗೆ ಡಾಕ್ಟರು ಅಂದು ಔಷಧ ಹೆಚ್ಚಿಸಲಿಲ್ಲ. ಹೊಸ ಡಬ್ಬಿ ಬರೆದುಕೊಟ್ಟರು, ಅಷ್ಟೇ. ನಾಲ್ಕು ವಾರ ಬಿಟ್ಟು ಬಂದಾಗ ರಾತ್ರಿ ಕೆಮ್ಮು ನಿಂತಿತ್ತು. ಸ್ಪೇಸರ್ ಬಾಯಲ್ಲಿಟ್ಟುಕೊಂಡು ಹುಡುಗ ಒಂದು ಕೈ ಮೇಲೆತ್ತಿದ. ಪೊರೆ ಎದ್ದಾಗಲೆಲ್ಲ ಒಂದೊಂದು ಬೆರಳು ಮಡಚುತ್ತಾ ಹೋದ, ಐದೂ ಮಡಚಿ ಮುಷ್ಟಿಯಾದ ಮೇಲೆಯೇ ಬಾಯಿ ತೆಗೆದ.